‘ಬೇಡ’ ಅನ್ನುವುದು ಯಾವುದಕ್ಕೆ? ಲೆಂಜ್ ನಿಯಮದಲ್ಲಿ ದಿಕ್ಕು ತಪ್ಪುವ ಬಗೆ

(ಪದವಿಪೂರ್ವ ಕಾಲೇಜುಗಳ ಭೌತಶಾಸ್ತ್ರ ಉಪನ್ಯಾಸಕರು ಮತ್ತು ದ್ವಿತೀಯ ಪಿಯು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರವನ್ನು ನಿಮ್ಮ ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಪಕ್ಕದವರಿಗೆ ತೋರಿಸಬೇಡಿ.

ಒಂದು ತಾಮ್ರದ ಬಳೆಯನ್ನು ಮೇಜಿನ ಮೇಲೆ ಇಟ್ಟ ಹಾಗೆ ಅಡ್ಡಲಾಗಿ ಹಿಡಿದಿದ್ದೇವೆ ಅಂದುಕೊಳ್ಳಿ. ಮೇಲಿನಿಂದ ಒಂದು ದಂಡಕಾಂತವನ್ನು ಉತ್ತರ ಧ್ರುವ ಕೆಳಗೆ ಬರುವಂತೆ ಹಿಡಿದು ಬಿಡುತ್ತೇವೆ. ಅದು ಬಳೆಯ ನಡುವೆ ನುಸುಳಿ ಕೆಳಕ್ಕೆ ಬಿದ್ದು ಹೋಗುತ್ತದೆ. ಕಾಂತ ಬಳೆಯನ್ನು ದಾಟಿ ಕೆಳಗೆ ದೂರ ಸರಿಯುತ್ತಿರುವ ಹೊತ್ತಿಗೆ, ಮೇಲಿನಿಂದ ನೋಡಿದರೆ ಬಳೆಯಲ್ಲಿ ಪ್ರೇರಿತ ವಿದ್ಯುತ್ಪ್ರವಾಹ ಪ್ರದಕ್ಷಿಣವಾಗಿ ಹರಿಯುತ್ತದೆಯೋ, ಅಪ್ರದಕ್ಷಿಣವಾಗಿಯೋ?

ಬರೆದಿರಾ? ಆಯ್ತು. ಹಿಂದಿನ ಸಾಲಿನಲ್ಲಿ ಯಾರೋ ಬರೆದು ಹೊಡೆದು ಮತ್ತೆ ಬರೆದಿದ್ದು ಕಂಡಿತು. ಒಳ್ಳೆಯದೇ. ಇವತ್ತಿನ ಮಾತು ಆ ಹೊಡೆದುಹಾಕಿದ ಉತ್ತರದ ಬಗ್ಗೆ.

ಮೌಲ್ಯಮಾಪನಕ್ಕೆ ಕೂತವರಿಗೆ ಈ ಉತ್ತರಗಳ ಪರಿಚಯ ಇದ್ದೇ ಇರುತ್ತದೆ. ಲೆಂಜ್ ನಿಯಮ ಬರೆಯಿರಿ ಅಂದರೆ ಚೊಕ್ಕವಾಗಿ ಬರೆದಿರುತ್ತಾರೆ, ಅಡಿಗೆರೆ ಕೂಡ ಎಳೆದಿರುತ್ತಾರೆ. ಅದರ ಕೆಳಗೇ ದಿಕ್ಕು ಕೇಳಿದ ಉಪಪ್ರಶ್ನೆಯಲ್ಲಿ ಬಾಣ ತಲೆಕೆಳಗಾಗಿರುತ್ತದೆ. ಸುಮಾರು ವರ್ಷ ನಾನು ಇದನ್ನು ‘ಗಮನವಿಲ್ಲದೆ ಮಾಡಿದ ತಪ್ಪು’ ಎಂದು ತಳ್ಳಿಹಾಕಿದ್ದೆ. ಆಮೇಲೆ ಒಂದು ಸಲ ನಾನೇ ಬೋರ್ಡಿನ ಮೇಲೆ ಅದೇ ತಪ್ಪು ಮಾಡಿದೆ. ಒಬ್ಬ ಹುಡುಗ ಎದ್ದು ನಿಂತು, “ಸರ್, ಕಾಂತ ದೂರ ಹೋಗ್ತಿದೆಯಲ್ಲ?” ಅಂದ. ನಾನು ಬಾಣ ಅಳಿಸಿ ತಿರುಗಿಸಿ ಹಾಕಿದೆ, ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ನಿಯಮ ನನಗೆ ಗೊತ್ತಿತ್ತು, ಬಲಗೈ ಕೂಡ ಸರಿಯಾಗಿಯೇ ಸುತ್ತಿದ್ದೆ. ಹಾಗಾದರೆ ತಪ್ಪಿದ್ದು ಎಲ್ಲಿ?

ತಪ್ಪಿದ್ದು ‘ವಿರೋಧಿಸುತ್ತದೆ’ ಎಂಬ ಕ್ರಿಯಾಪದದಲ್ಲಿ ಅಲ್ಲ, ಅದರ ಕರ್ಮಪದದಲ್ಲಿ. ನಮ್ಮ ಮಕ್ಕಳು ಬಾಯಿಪಾಠ ಮಾಡುವ ವಾಕ್ಯ ಹೀಗಿರುತ್ತದೆ: ಪ್ರೇರಿತ ವಿದ್ಯುತ್ಪ್ರವಾಹವು ತನ್ನನ್ನು ಉಂಟುಮಾಡಿದ ಕಾರಣವನ್ನೇ ವಿರೋಧಿಸುತ್ತದೆ. ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಆ ‘ಕಾರಣ’ ಯಾರು? ಒಬ್ಬಳಿಗೆ ಅದು ಕಾಂತ, ಇನ್ನೊಬ್ಬನಿಗೆ ಕಾಂತಕ್ಷೇತ್ರ, ಮತ್ತೊಬ್ಬನಿಗೆ ಕಾಂತದ ಚಲನೆ. ಒಂದೇ ಪದಕ್ಕೆ ನಾಲ್ಕು ಜನ ನಾಲ್ಕು ಅರ್ಥ ಹಿಡಿದು ಹೊರಡುತ್ತಾರೆ. ನಿಜವಾದ ಕಾರಣ ಸುರುಳಿಯ ಒಳಗೆ ಹಾದುಹೋಗುವ ಕಾಂತೀಯ ಫ್ಲಕ್ಸ್‌ನ ಬದಲಾವಣೆ. ಕೆಲವು ಪುಸ್ತಕಗಳು ಅಭಿವಾಹ ಅನ್ನುತ್ತವೆ, ನಾನು ತರಗತಿಯಲ್ಲಿ ಬಳಕೆಯಲ್ಲಿರುವ ಫ್ಲಕ್ಸ್ ಎಂದೇ ಹೇಳುತ್ತೇನೆ. ವಿರೋಧ ಫ್ಲಕ್ಸ್‌ಗೆ ಅಲ್ಲ, ಫ್ಲಕ್ಸ್ ಬದಲಾಗುವುದಕ್ಕೆ.

ನಮ್ಮ ಅಜ್ಜಿ ಹೀಗೇ ಇದ್ದರು. ಮನೆಗೆ ಹೊಸ ಕಪಾಟು ತರುತ್ತೇವೆ ಅಂದಾಗ ಬೇಡವೇ ಬೇಡ ಎಂದು ಕೂತರು. ಹೇಗೋ ತಂದಿಟ್ಟೆವು. ಹತ್ತು ವರ್ಷದ ಮೇಲೆ ಅದನ್ನು ಮಾರುತ್ತೇವೆ ಅಂದಾಗಲೂ ಬೇಡವೇ ಬೇಡ ಅಂದರು. ಅಜ್ಜಿಗೆ ಕಪಾಟಿನ ಮೇಲೆ ದ್ವೇಷವೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಸುರುಳಿಯೂ ಅಷ್ಟೇ: ಬರುವಾಗ ಬರಬೇಡ ಅನ್ನುತ್ತದೆ, ಹೋಗುವಾಗ ಹೋಗಬೇಡ ಅನ್ನುತ್ತದೆ.

ಈಗ ಬಳೆಗೆ ಬರೋಣ. ನಾನು ಇದನ್ನು ಮೂರು ಬಾಣಗಳಲ್ಲಿ ಬಿಡಿಸುತ್ತೇನೆ. ಮೊದಲನೆಯದು, ಈ ಕ್ಷಣದಲ್ಲಿ ಬಳೆಯ ಒಳಗೆ ಕಾಂತಕ್ಷೇತ್ರ ಯಾವ ಕಡೆಗಿದೆ, ಎಷ್ಟು ದೊಡ್ಡದು ಎಂದು ತೋರಿಸುವ ಬಾಣ. ಎರಡನೆಯದು, ಸ್ವಲ್ಪ ಹೊತ್ತಿನ ಮೇಲೆ ಅದೇ ಕ್ಷೇತ್ರ ಹೇಗಿರುತ್ತದೆ ಎಂದು ತೋರಿಸುವ ಬಾಣ. ಮೂರನೆಯದು, ಮೊದಲನೆಯದು ಎರಡನೆಯದಾಗಬೇಕಾದರೆ ಅದಕ್ಕೆ ಏನನ್ನು ಕೂಡಿಸಬೇಕು ಎಂಬುದರ ಬಾಣ, ಅಂದರೆ ವ್ಯತ್ಯಾಸ. ಪ್ರೇರಿತ ಪ್ರವಾಹ ಹುಟ್ಟಿಸುವ ಕ್ಷೇತ್ರ ಈ ಮೂರನೇ ಬಾಣಕ್ಕೆ ಎದುರು. ಮೊದಲಿನ ಎರಡರ ಜೊತೆ ಅದಕ್ಕೆ ಜಗಳವಿಲ್ಲ.

ಕಾಂತ ಇನ್ನೂ ಮೇಲಿದೆ, ಬಳೆಯತ್ತ ಬರುತ್ತಿದೆ. ಉತ್ತರ ಧ್ರುವದಿಂದ ಕ್ಷೇತ್ರರೇಖೆಗಳು ಹೊರಗೆ ಬರುತ್ತವೆ, ಹಾಗಾಗಿ ಬಳೆಯ ಒಳಗೆ ಕ್ಷೇತ್ರ ಕೆಳಮುಖ. ಹತ್ತಿರವಾದಂತೆ ಕೆಳಮುಖ ಬಾಣ ಉದ್ದವಾಗುತ್ತದೆ. ಚಿಕ್ಕ ಕೆಳಬಾಣ ದೊಡ್ಡ ಕೆಳಬಾಣ ಆಗಬೇಕಾದರೆ ಕೂಡಿಸಬೇಕಾದ್ದು ಇನ್ನೊಂದು ಕೆಳಬಾಣ. ಅದಕ್ಕೆ ಎದುರು ಅಂದರೆ ಮೇಲ್ಮುಖ. ಬಲಗೈಯ ಹೆಬ್ಬೆರಳನ್ನು ಮೇಲಕ್ಕೆ ಹಿಡಿಯಿರಿ, ಬೆರಳುಗಳು ಸುತ್ತುವ ದಿಕ್ಕು ಮೇಲಿನಿಂದ ನೋಡಿದರೆ ಅಪ್ರದಕ್ಷಿಣ. ಇಲ್ಲಿಯವರೆಗೆ ಎಲ್ಲರೂ ಸರಿ ಬರೆಯುತ್ತಾರೆ.

ಈಗ ಕಾಂತ ಬಳೆಯನ್ನು ದಾಟಿ ಕೆಳಗಿದೆ. ಬಳೆಗೆ ಹತ್ತಿರ ಇರುವುದು ಈಗ ಕಾಂತದ ಮೇಲ್ತುದಿ, ಅಂದರೆ ದಕ್ಷಿಣ ಧ್ರುವ. ರೇಖೆಗಳು ದಕ್ಷಿಣ ಧ್ರುವದೊಳಕ್ಕೆ ಹೋಗುತ್ತವೆ. ಆ ಧ್ರುವ ಬಳೆಯ ಕೆಳಗಿದೆ, ಆದ್ದರಿಂದ ಅವು ಬಳೆಯ ಮೂಲಕ ಮೇಲಿನಿಂದ ಕೆಳಕ್ಕೇ ಇಳಿಯುತ್ತವೆ. ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಧ್ರುವ ಬದಲಾಯಿತು, ಬಳೆಯ ಒಳಗಿನ ಕ್ಷೇತ್ರದ ದಿಕ್ಕು ಬದಲಾಗಲಿಲ್ಲ. ಈ ವಾಕ್ಯ ಒಪ್ಪಿಕೊಳ್ಳಲು ಮಕ್ಕಳಿಗೆ ಬಹಳ ಹೊತ್ತು ಬೇಕು. ದಂಡಕಾಂತದ ಚಿತ್ರ ಬರೆದು, ಒಳಗಡೆ ರೇಖೆಗಳು ದಕ್ಷಿಣದಿಂದ ಉತ್ತರಕ್ಕೆ ಓಡುವುದನ್ನೂ ತೋರಿಸಿ, ಬಳೆಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಎಳೆದು ತೋರಿಸಿದರೆ ನಂಬುತ್ತಾರೆ. ಮೂರೂ ಕಡೆ ಬಾಣ ಕೆಳಕ್ಕೇ.

ಕಾಂತ ದೂರ ಹೋಗುತ್ತಿರುವುದರಿಂದ ದೊಡ್ಡ ಕೆಳಬಾಣ ಚಿಕ್ಕ ಕೆಳಬಾಣ ಆಗುತ್ತಿದೆ. ಹಾಗಾಗಬೇಕಾದರೆ ಕೂಡಿಸಬೇಕಾದ್ದು ಮೇಲ್ಮುಖ ಬಾಣ. ಅದಕ್ಕೆ ಎದುರು ಅಂದರೆ ಕೆಳಮುಖ. ಹೆಬ್ಬೆರಳು ಕೆಳಗೆ, ಬೆರಳುಗಳು ಮೇಲಿನಿಂದ ನೋಡಿದರೆ ಪ್ರದಕ್ಷಿಣ. ಮೂಲೆಯಲ್ಲಿ ‘ಪ್ರದಕ್ಷಿಣ’ ಎಂದು ಬರೆದವರ ಉತ್ತರ ಸರಿ.

ಮಧ್ಯೆ ಒಂದು ಮಾತು. ‘ಮೇಲಿನಿಂದ ನೋಡಿದರೆ’ ಎಂದು ನಾನು ಮತ್ತೆ ಮತ್ತೆ ಹೇಳುತ್ತಿರುವುದು ಸುಮ್ಮನೆ ಅಲ್ಲ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವವರನ್ನು ಗೋಪುರದ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತಾರೆ. ನೆಲ ಗಾಜಿನದಾಗಿದ್ದು ಕೆಳಗಿನಿಂದ ನೋಡಿದ್ದರೆ ಅದೇ ಜನ ಅಪ್ರದಕ್ಷಿಣವಾಗಿ ಸುತ್ತಿದ ಹಾಗೆ ಕಾಣುತ್ತಿತ್ತು. ಕಾಂತ ಕೆಳಗೆ ಹೋದಾಗ ಕೆಲವು ಮಕ್ಕಳು ಗೊತ್ತಿಲ್ಲದೇ ತಮ್ಮ ಕಣ್ಣನ್ನೂ ಕೆಳಗೆ ಒಯ್ಯುತ್ತಾರೆ. ಭೌತಶಾಸ್ತ್ರ ಸರಿ ಇದ್ದರೂ ಉತ್ತರ ತಪ್ಪುತ್ತದೆ. ಇಂಥವರಿಗೆ ಬೇರೆ ಮದ್ದು ಬೇಕು, ಇವರನ್ನು ಉಳಿದವರ ಜೊತೆ ಸೇರಿಸಬೇಡಿ.

ಇನ್ನು ‘ಅಪ್ರದಕ್ಷಿಣ’ ಬರೆದವರು. ಇವರೆಲ್ಲ ಒಂದೇ ದಾರಿಯಲ್ಲಿ ಬಂದವರಲ್ಲ.

ಒಬ್ಬರು ಹೀಗೆ ಯೋಚಿಸಿದ್ದಾರೆ: ಕ್ಷೇತ್ರ ಕೆಳಮುಖ, ಪ್ರೇರಿತ ಕ್ಷೇತ್ರ ವಿರುದ್ಧವಾಗಿರಬೇಕು, ಆದ್ದರಿಂದ ಮೇಲ್ಮುಖ, ಆದ್ದರಿಂದ ಅಪ್ರದಕ್ಷಿಣ. ಇವರು ಮೊದಲನೇ ಬಾಣವನ್ನೇ ವಿರೋಧಿಸಿದರು. ಇನ್ನೊಬ್ಬರು: ಈಗ ದಕ್ಷಿಣ ಧ್ರುವ ಹತ್ತಿರವಿದೆ, ಆದ್ದರಿಂದ ಕ್ಷೇತ್ರ ಮೇಲ್ಮುಖ, ಅದು ಕಡಿಮೆಯಾಗುತ್ತಿದೆ, ಕಡಿಮೆಯಾಗುವುದನ್ನು ತಡೆಯಲು ಮೇಲ್ಮುಖ ಕ್ಷೇತ್ರ ಬೇಕು, ಆದ್ದರಿಂದ ಅಪ್ರದಕ್ಷಿಣ. ಇವರ ತರ್ಕ ಅಚ್ಚುಕಟ್ಟಾಗಿದೆ, ಬದಲಾವಣೆಯನ್ನೇ ವಿರೋಧಿಸಿದ್ದಾರೆ, ಆದರೆ ಹೊರಟ ಜಾಗವೇ ತಪ್ಪು. ಮೂರನೆಯವರು: ಕಾಂತ ಕೆಳಕ್ಕೆ ಚಲಿಸುತ್ತಿದೆ, ಅದನ್ನು ವಿರೋಧಿಸಲು ಕ್ಷೇತ್ರ ಮೇಲಕ್ಕಿರಬೇಕು, ಆದ್ದರಿಂದ ಅಪ್ರದಕ್ಷಿಣ. ಇವರು ಕ್ಷೇತ್ರವನ್ನು ಚಲನೆಯ ಎದುರು ನಿಲ್ಲಿಸಿದರು.

ಮೂರು ಬೇರೆ ಬೇರೆ ತಪ್ಪು, ಬಂದು ಸೇರಿದ್ದು ಒಂದೇ ಉತ್ತರಕ್ಕೆ. ಬರೀ ಉತ್ತರ ನೋಡಿ ಮೌಲ್ಯಮಾಪನ ಮಾಡುವವರಿಗೆ ಯಾರು ಎಲ್ಲಿ ಎಡವಿದರು ಎಂದು ತಿಳಿಯುವುದೇ ಇಲ್ಲ. ಅದಕ್ಕೇ ನಾನು ದಿಕ್ಕಿನ ಜೊತೆಗೆ ಮೂರು ಬಾಣಗಳನ್ನೂ ಬರೆಯಿಸುತ್ತೇನೆ. ಬಾಣ ನೋಡಿದ ತಕ್ಷಣ ಗೊತ್ತಾಗುತ್ತದೆ. ಮೂರನೇ ಬಾಣವೇ ಇಲ್ಲದಿದ್ದರೆ ಮೊದಲ ಬಗೆಯವರು, ಮೊದಲ ಬಾಣವೇ ಮೇಲ್ಮುಖವಾಗಿದ್ದರೆ ಎರಡನೆಯವರು. ಮೂರನೆಯವರು ಬಾಣವನ್ನು ಬಳೆಯ ಒಳಗೆ ಬರೆಯುವುದೇ ಇಲ್ಲ, ಕಾಂತದ ಪಕ್ಕದಲ್ಲಿ ಬರೆಯುತ್ತಾರೆ.

ಈ ತಪ್ಪು ಇಷ್ಟು ದಿನ ಬದುಕಿ ಉಳಿದದ್ದು ಹೇಗೆ ಎಂದು ಯೋಚಿಸಿದರೆ, ಅದರ ಹೊಣೆ ಬಹಳಷ್ಟು ನಮ್ಮದೇ. ತರಗತಿಯಲ್ಲಿ ಮೊದಲ ಉದಾಹರಣೆ ಯಾವಾಗಲೂ ಉತ್ತರ ಧ್ರುವ ಹತ್ತಿರ ಬರುವುದು. ಎರಡನೆಯದು ಸ್ವಿಚ್ ಹಾಕುವುದು. ಎರಡರಲ್ಲೂ ಫ್ಲಕ್ಸ್ ಹೆಚ್ಚುತ್ತದೆ. ಹೆಚ್ಚುವಾಗ ಮೊದಲನೇ ಬಾಣವೂ ಮೂರನೇ ಬಾಣವೂ ಒಂದೇ ಕಡೆ ಇರುತ್ತವೆ, ಆದ್ದರಿಂದ ಕ್ಷೇತ್ರವನ್ನು ವಿರೋಧಿಸಿದವನಿಗೂ ಬದಲಾವಣೆಯನ್ನು ವಿರೋಧಿಸಿದವನಿಗೂ ಒಂದೇ ಅಂಕ ಸಿಗುತ್ತದೆ. ತಪ್ಪು ನಿಯಮಕ್ಕೆ ಅರ್ಧ ಸಲ ಸರಿ ಉತ್ತರ ಸಿಕ್ಕರೆ ಅದನ್ನು ಬಿಡುವವರು ಯಾರು? ಹಾಗಾಗಿ ನಾನು ಈಗ ಮೊದಲ ಉದಾಹರಣೆಯಾಗಿಯೇ ಕಾಂತವನ್ನು ಹೊರಗೆ ಎಳೆಯುವುದನ್ನು ತೆಗೆದುಕೊಳ್ಳುತ್ತೇನೆ.

ಕ್ಷೇತ್ರವನ್ನೇ ವಿರೋಧಿಸುವ ನಿಯಮ ಸುಳ್ಳು ಎಂದು ಮಕ್ಕಳಿಗೆ ಲೆಕ್ಕದಲ್ಲೇ ತೋರಿಸಬಹುದು. ಬಳೆಯ ಬದಲು 200 ಸುತ್ತಿನ ಒಂದು ಸುರುಳಿ ಇದೆ ಎನ್ನಿ. ಅದರ ಮತ್ತು ಗ್ಯಾಲ್ವನೋಮೀಟರಿನ ಒಟ್ಟು ರೋಧ 10 ಓಮ್. ಕಾಂತ ಸರಿಯಾಗಿ ನಡುವೆ ಇದ್ದಾಗ ಪ್ರತಿ ಸುತ್ತಿನ ಮೂಲಕ ಹಾಯುವ ಫ್ಲಕ್ಸ್ 1 × 10⁻⁴ ವೆಬರ್ ಎಂದುಕೊಳ್ಳೋಣ. ಹರಿದ ಒಟ್ಟು ಆವೇಶಕ್ಕೆ ಸೂತ್ರ q = NΔΦ/R. ಕಾಂತ ದೂರದಿಂದ ನಡುವಿಗೆ ಬರುವಷ್ಟರಲ್ಲಿ ಹರಿಯುವುದು 200 × 10⁻⁴ / 10, ಅಂದರೆ 2 ಮಿಲಿಕೂಲಂಬ್. ವೇಗವಾಗಿ ಬಂದರೂ ನಿಧಾನವಾಗಿ ಬಂದರೂ ಇಷ್ಟೇ, ಯಾಕೆಂದರೆ ಸೂತ್ರದಲ್ಲಿ ಸಮಯವೇ ಇಲ್ಲ. ನಡುವಿನಿಂದ ಕೆಳಗೆ ದೂರ ಹೋಗುವಷ್ಟರಲ್ಲಿ ಫ್ಲಕ್ಸ್ ಮತ್ತೆ ಸೊನ್ನೆಗೆ ಬರುತ್ತದೆ, ಹರಿಯುವುದು ಮತ್ತೆ 2 ಮಿಲಿಕೂಲಂಬ್, ಆದರೆ ಎದುರು ದಿಕ್ಕಿನಲ್ಲಿ. ಒಟ್ಟು ಸೊನ್ನೆ. ಸೊನ್ನೆಯಲ್ಲಿ ಶುರುವಾಗಿ ಸೊನ್ನೆಯಲ್ಲಿ ಮುಗಿದ ಫ್ಲಕ್ಸ್‌ಗೆ ಒಟ್ಟು ಆವೇಶ ಸೊನ್ನೆ ಆಗಲೇಬೇಕು. ‘ಎರಡೂ ಸಲ ಅಪ್ರದಕ್ಷಿಣ’ ಎಂಬ ಉತ್ತರದಲ್ಲಿ 4 ಮಿಲಿಕೂಲಂಬ್ ಉಳಿದುಬಿಡುತ್ತದೆ. ಬಲಗೈ ಎತ್ತದೆಯೇ, ಯಾವ ಧ್ರುವ ಎಂದು ಕೇಳದೆಯೇ, ಕಾಂತ ಪೂರ್ತಿ ಹಾದುಹೋದರೆ ಪ್ರವಾಹ ಒಂದು ಸಲವಾದರೂ ದಿಕ್ಕು ಬದಲಿಸಲೇಬೇಕು ಎಂದು ಇದರಿಂದ ಹೇಳಿಬಿಡಬಹುದು.

ಇದನ್ನು ಪ್ರಯೋಗಾಲಯದಲ್ಲಿ ತೋರಿಸಲು ಹೊರಟವರಿಗೆ ಒಂದು ಎಚ್ಚರಿಕೆ. ಕಾಂತವನ್ನು ಸುರುಳಿಯ ಮೂಲಕ ಬೀಳಿಸಿದರೆ ಗ್ಯಾಲ್ವನೋಮೀಟರಿನ ಮುಳ್ಳು ಒಮ್ಮೆ ನಡುಗಿ ಸುಮ್ಮನಾಗುತ್ತದೆ. ಮಕ್ಕಳು “ಏನೂ ಆಗಲಿಲ್ಲ ಸರ್” ಅನ್ನುತ್ತಾರೆ. ಬೀಳುವ ಕಾಂತ ಸೆಕೆಂಡಿನ ಸಣ್ಣ ಭಾಗದಲ್ಲಿ ದಾಟಿಬಿಡುತ್ತದೆ, ಮುಳ್ಳು ಅಷ್ಟು ಚುರುಕಲ್ಲ. ಅದಕ್ಕೆ ಒಂದು ಕಡೆಯ ತಳ್ಳು ತಾಗುವಷ್ಟರಲ್ಲಿ ಇನ್ನೊಂದು ಕಡೆಯ ತಳ್ಳು ಬಂದು ಎರಡೂ ವಜಾ ಆಗುತ್ತವೆ. ಅಂದರೆ ಆ ನಡುಕವೇ ಒಟ್ಟು ಆವೇಶ ಸೊನ್ನೆ ಎಂಬುದಕ್ಕೆ ಸಾಕ್ಷಿ. ದಿಕ್ಕು ಕಾಣಬೇಕಾದರೆ ಕೈಯಲ್ಲಿ ಹಿಡಿದು ನಡುವಿನವರೆಗೆ ತನ್ನಿ, ನಿಲ್ಲಿಸಿ, ಮುಳ್ಳು ಸೊನ್ನೆಗೆ ಬರಲಿ, ಆಮೇಲೆ ಅದೇ ದಿಕ್ಕಿನಲ್ಲಿ ಮುಂದಕ್ಕೆ ಒಯ್ಯಿರಿ. ಕೈ ಚಲಿಸಿದ್ದು ಎರಡೂ ಸಲ ಕೆಳಕ್ಕೇ, ಮುಳ್ಳು ಮಾತ್ರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಚಲನೆಯನ್ನು ವಿರೋಧಿಸಿ ಬರೆದವರು ಅಲ್ಲೇ ತಲೆ ಕೆರೆದುಕೊಳ್ಳುತ್ತಾರೆ. ನಡುವೆ ನಿಲ್ಲಿಸಿದಾಗ ಮುಳ್ಳು ಸೊನ್ನೆಯಲ್ಲಿರುವುದನ್ನು ನೋಡಿ, ಕ್ಷೇತ್ರವನ್ನು ವಿರೋಧಿಸಿ ಬರೆದವರೂ ಯೋಚಿಸಬೇಕಾಗುತ್ತದೆ. ಫ್ಲಕ್ಸ್ ಅತಿ ಹೆಚ್ಚು ಇರುವುದು ಅಲ್ಲೇ, ವಿರೋಧ ಮಾತ್ರ ಇಲ್ಲವೇ ಇಲ್ಲ.

ಇನ್ನೊಂದು ವಿಷಯ. ಸುರುಳಿಯನ್ನು ಯಾವ ಕಡೆಗೆ ಸುತ್ತಿದ್ದಾರೆ ಎಂದು ನೋಡದೆ ಮುಳ್ಳು ಬಲಕ್ಕೆ ಹೋದದ್ದನ್ನು ಪ್ರದಕ್ಷಿಣ ಅಂದುಬಿಡಬೇಡಿ. ಮೊದಲು ಒಂದು ಬ್ಯಾಟರಿ ಸೆಲ್ಲನ್ನು ದೊಡ್ಡ ರೋಧದ ಮೂಲಕ ಜೋಡಿಸಿ, ಪ್ರವಾಹ ಯಾವ ತಿರುಪಿನಿಂದ ಒಳಗೆ ಹೋದರೆ ಮುಳ್ಳು ಯಾವ ಕಡೆ ಹೋಗುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಇದನ್ನು ಮಾಡದೆ ಸರಿಯಾದ ಉತ್ತರ ಹೇಳಿದ ಹುಡುಗಿಗೆ ತಪ್ಪು ಅಂದ ಉಪನ್ಯಾಸಕರನ್ನು ನಾನು ನೋಡಿದ್ದೇನೆ. ಕನ್ನಡಿಯಲ್ಲೂ ನೋಡಿದ್ದೇನೆ.

ಈ ‘ನಡುವೆ ನಿಂತರೆ ಸೊನ್ನೆ’ ಎಂಬುದು ಫ್ಯಾರಡೆಗೆ ಕಂಡದ್ದು 1831ರ ಆಗಸ್ಟ್ 29ರಂದು, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ. ಸುಮಾರು ಆರು ಅಂಗುಲ ಅಗಲದ ಮೆದು ಕಬ್ಬಿಣದ ಉಂಗುರ, ಅದರ ಒಂದು ಬದಿಗೆ ಬ್ಯಾಟರಿಯ ಸುರುಳಿ, ಇನ್ನೊಂದು ಬದಿಯ ಸುರುಳಿಯಿಂದ ಎಳೆದ ತಂತಿಯ ಹತ್ತಿರ ಒಂದು ಕಾಂತಸೂಜಿ. ಬ್ಯಾಟರಿ ಜೋಡಿಸಿದಾಗ ಸೂಜಿ ಓಲಾಡಿ ಮೊದಲಿನ ಜಾಗಕ್ಕೇ ಬಂದು ನಿಂತಿತು. ಬ್ಯಾಟರಿ ಬಿಡಿಸಿದಾಗ ಮತ್ತೆ ಅಲುಗಿತು. ನಡುವಿನ ಹೊತ್ತಿನಲ್ಲಿ ಮೊದಲ ಸುರುಳಿಯಲ್ಲಿ ಪ್ರವಾಹ ಹರಿಯುತ್ತಲೇ ಇತ್ತು, ಕಬ್ಬಿಣದ ತುಂಬ ಕಾಂತಕ್ಷೇತ್ರ ಇತ್ತು, ಎರಡನೇ ಸುರುಳಿಗೆ ಅದರ ಗೊಡವೆಯೇ ಇರಲಿಲ್ಲ.

ಲೆಂಜ್ ತನ್ನ ನಿಯಮವನ್ನು ಸೇಂಟ್ ಪೀಟರ್ಸ್‌ಬರ್ಗ್‌ನ ವಿಜ್ಞಾನ ಅಕಾಡೆಮಿಯ ಮುಂದಿಟ್ಟದ್ದು ಎರಡು ವರ್ಷದ ಮೇಲೆ, 1833ರಲ್ಲಿ. ಅದು ಅಚ್ಚಾದದ್ದು 1834ರಲ್ಲಿ. ಕುತೂಹಲದ ಸಂಗತಿ ಏನೆಂದರೆ, ಲೆಂಜ್ ಹೇಳಿದ ರೂಪದಲ್ಲಿ ಫ್ಲಕ್ಸ್ ಎಂಬ ಮಾತೇ ಇಲ್ಲ. ಅವನು ಮಾತಾಡಿದ್ದು ಚಲನೆಯ ಬಗ್ಗೆ. ಕಾಂತದ ಅಥವಾ ಪ್ರವಾಹ ಹರಿಯುವ ತಂತಿಯ ಹತ್ತಿರ ಒಂದು ವಾಹಕವನ್ನು ಚಲಿಸಿದರೆ, ಅದರಲ್ಲಿ ಹುಟ್ಟುವ ಪ್ರವಾಹ ಆ ವಾಹಕವನ್ನು ಎದುರು ದಿಕ್ಕಿಗೆ ತಳ್ಳುವಂಥದ್ದಾಗಿರುತ್ತದೆ ಎಂಬುದು ಅವನ ಮಾತಿನ ಸಾರ.

ಹಾಗಾದರೆ ಮೂರನೆಯವರು, ಚಲನೆಯನ್ನು ವಿರೋಧಿಸಿದವರು, ಲೆಂಜ್ ಹೇಳಿದ್ದನ್ನೇ ಮಾಡಿದರಲ್ಲವೇ? ಅರ್ಧ ಹೌದು. ಚಲನೆಯ ಎದುರು ನಿಲ್ಲುವುದು ಬಲ. ಫ್ಲಕ್ಸ್ ಬದಲಾವಣೆಯ ಎದುರು ನಿಲ್ಲುವುದು ಕ್ಷೇತ್ರ. ಇವು ಎರಡು ಬೇರೆ ಅಖಾಡಗಳು. ಬೀಳುವ ಕಾಂತದ ಮೇಲೆ ಬಳೆಯ ಬಲ ದಾಟುವ ಮೊದಲೂ ಮೇಲ್ಮುಖ, ದಾಟಿದ ಮೇಲೂ ಮೇಲ್ಮುಖ. ಇದು ನಿಜ, ಮತ್ತು ಇದನ್ನು ಉತ್ತರ ಒರೆಗೆ ಹಚ್ಚಲು ಬಳಸಬೇಕು. ದಾಟಿದ ಮೇಲೆ ಬಳೆಯಲ್ಲಿ ಪ್ರದಕ್ಷಿಣ ಪ್ರವಾಹ ಇದ್ದರೆ ಬಳೆಯ ಕೆಳಬದಿ ಉತ್ತರ ಧ್ರುವದ ಹಾಗೆ ವರ್ತಿಸುತ್ತದೆ. ಅದು ಕೆಳಗೆ ಸರಿಯುತ್ತಿರುವ ದಕ್ಷಿಣ ಧ್ರುವವನ್ನು ಹಿಂದಕ್ಕೆ ಎಳೆಯುತ್ತದೆ, ಹೋಗಬೇಡ ಅನ್ನುತ್ತದೆ. ತಾಳೆ ಆಯಿತು. ಅಪ್ರದಕ್ಷಿಣ ಎಂದಿದ್ದರೆ ಕೆಳಬದಿ ದಕ್ಷಿಣ ಧ್ರುವವಾಗಿ ಕಾಂತವನ್ನು ಇನ್ನೂ ಜೋರಾಗಿ ಕೆಳಕ್ಕೆ ತಳ್ಳುತ್ತಿತ್ತು. ಕಾಂತದ ವೇಗ ಹೆಚ್ಚುತ್ತಿತ್ತು, ಜೊತೆಗೆ ಬಳೆಯೂ ಬಿಸಿಯಾಗುತ್ತಿತ್ತು, ಎರಡಕ್ಕೂ ಶಕ್ತಿ ಎಲ್ಲಿಂದಲೋ ಪುಕ್ಕಟೆ ಬರಬೇಕಿತ್ತು.

ಇನ್ನು ಪ್ರಶ್ನೆಯನ್ನೇ ಹಿಂದುಮುಂದು ಮಾಡಿ ಕೇಳುವುದಿದೆ. ಪ್ರವೇಶ ಪರೀಕ್ಷೆಗಳಲ್ಲಿ ಇದು ಇಷ್ಟದ ಆಟ. ಒಂದು ಉದ್ದ ನೇರ ತಂತಿ ಕಾಗದದ ಮೇಲೆ ಅಡ್ಡಲಾಗಿದೆ. ಅದರ ಕೆಳಗೆ, ಅದೇ ಕಾಗದದ ಮೇಲೆ, ಒಂದು ಆಯತಾಕಾರದ ತಂತಿಸುತ್ತು ಇದೆ. ಸುತ್ತಿನಲ್ಲಿ ಪ್ರೇರಿತ ಪ್ರವಾಹ ಪ್ರದಕ್ಷಿಣವಾಗಿದೆ. ಹಾಗಾದರೆ ನೇರ ತಂತಿಯಲ್ಲಿ ಏನಾಗುತ್ತಿದೆ?

ಬಹಳ ಮಕ್ಕಳು ಹೀಗೆ ಹೊರಡುತ್ತಾರೆ: ಪ್ರದಕ್ಷಿಣ ಅಂದರೆ ಪ್ರೇರಿತ ಕ್ಷೇತ್ರ ಕಾಗದದ ಒಳಮುಖ. ಅದು ವಿರೋಧಿಸುತ್ತದೆ, ಆದ್ದರಿಂದ ತಂತಿಯ ಕ್ಷೇತ್ರ ಹೊರಮುಖ. ತಂತಿಯ ಕೆಳಗೆ ಕ್ಷೇತ್ರ ಹೊರಮುಖ ಇರಬೇಕಾದರೆ ತಂತಿಯಲ್ಲಿ ಪ್ರವಾಹ ಎಡಕ್ಕೆ ಹರಿಯುತ್ತಿದೆ. ಇಷ್ಟು ಬರೆದು ಪೆನ್ನಿನ ಮುಚ್ಚಳ ಹಾಕುತ್ತಾರೆ. ಪ್ರವಾಹ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂಬ ಮಾತೇ ಇಲ್ಲ!

ಮೂರನೇ ಬಾಣದಿಂದ ಶುರು ಮಾಡಿ ನೋಡಿ. ಪ್ರೇರಿತ ಕ್ಷೇತ್ರ ಒಳಮುಖ, ಆದ್ದರಿಂದ ವ್ಯತ್ಯಾಸದ ಬಾಣ ಹೊರಮುಖ. ನಮಗೆ ಖಚಿತವಾಗಿ ಗೊತ್ತಾದದ್ದು ಇಷ್ಟೇ. ವ್ಯತ್ಯಾಸ ಹೊರಮುಖವಾಗಲು ಎರಡು ದಾರಿ ಇವೆ: ಹೊರಮುಖ ಕ್ಷೇತ್ರ ಹೆಚ್ಚುತ್ತಿರಬೇಕು ಅಥವಾ ಒಳಮುಖ ಕ್ಷೇತ್ರ ಇಳಿಯುತ್ತಿರಬೇಕು. ಅಂದರೆ ತಂತಿಯಲ್ಲಿ ಎಡಮುಖ ಪ್ರವಾಹ ಹೆಚ್ಚುತ್ತಿದೆ, ಇಲ್ಲವೇ ಬಲಮುಖ ಪ್ರವಾಹ ಕಡಿಮೆಯಾಗುತ್ತಿದೆ. ಪ್ರೇರಿತ ಪ್ರವಾಹ ನೋಡಿ ಇವೆರಡರಲ್ಲಿ ಯಾವುದು ಎಂದು ಹೇಳಲು ಸಾಧ್ಯವೇ ಇಲ್ಲ. ಸುತ್ತಿಗೆ ಬದಲಾವಣೆ ಮಾತ್ರ ಗೊತ್ತಾಗುತ್ತದೆ, ಕ್ಷೇತ್ರ ಎಷ್ಟಿದೆ, ಯಾವ ಕಡೆಗಿದೆ ಎಂಬುದು ಗೊತ್ತಾಗುವುದಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವವರೂ ಇದನ್ನು ಮರೆಯುವುದುಂಟು. ಎರಡೂ ಸರಿಯಾದ ಆಯ್ಕೆಗಳನ್ನು ಕೊಟ್ಟು ಒಂದನ್ನೇ ಕೀಲಿ ಉತ್ತರದಲ್ಲಿ ಹಾಕಿದರೆ ಚೆನ್ನಾಗಿ ಯೋಚಿಸಿದವರಿಗೇ ಅನ್ಯಾಯ. ಪ್ರಶ್ನೆಯಲ್ಲಿ ‘ತಂತಿಯ ಪ್ರವಾಹ ಬಲಕ್ಕೆ ಹರಿಯುತ್ತಿದೆ’ ಎಂಬ ಒಂದು ಸಾಲು ಸೇರಿಸಿದರೆ ಸಾಕು, ಉತ್ತರ ಒಂದೇ ಆಗುತ್ತದೆ.

ಇದೇ ಚಿತ್ರದಲ್ಲಿ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ತಂತಿಯ ಪ್ರವಾಹ ಬಲಕ್ಕೆ, ಅದರಲ್ಲಿ ಏರಿಳಿತವಿಲ್ಲ. ಆಯತದ ಸುತ್ತನ್ನು ತಂತಿಗೆ ಸಮಾಂತರವಾಗಿ ಬಲಕ್ಕೆ ಸರಿಸುತ್ತೇವೆ. ಚಲನೆ ಕಂಡ ತಕ್ಷಣ ಪ್ರವಾಹದ ಬಾಣ ಹಾಕುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ತಂತಿಯಿಂದ ದೂರ ಬದಲಾಗಲಿಲ್ಲ, ಹಿಂದಿನ ಬಾಣ, ಮುಂದಿನ ಬಾಣ ಒಂದೇ, ವ್ಯತ್ಯಾಸದ ಬಾಣಕ್ಕೆ ಉದ್ದವೇ ಇಲ್ಲ. ಪ್ರವಾಹ ಸೊನ್ನೆ. ಅದನ್ನೇ ತಂತಿಯಿಂದ ದೂರಕ್ಕೆ, ಕೆಳಗೆ ಎಳೆದರೆ ಒಳಮುಖ ಫ್ಲಕ್ಸ್ ಇಳಿಯುತ್ತದೆ, ಪ್ರವಾಹ ಪ್ರದಕ್ಷಿಣ, ಅಂದರೆ ತಂತಿಗೆ ಹತ್ತಿರದ ಬದಿಯಲ್ಲಿ ಬಲಕ್ಕೆ. ಒಂದೇ ಕಡೆಗೆ ಹರಿಯುವ ಎರಡು ಸಮಾಂತರ ಪ್ರವಾಹಗಳು ಆಕರ್ಷಿಸುತ್ತವೆ, ದೂರದ ಬದಿಯ ವಿಕರ್ಷಣೆ ಅದಕ್ಕಿಂತ ಕಡಿಮೆ, ಆದ್ದರಿಂದ ಸುತ್ತನ್ನು ತಂತಿ ಹಿಂದಕ್ಕೆ ಎಳೆಯುತ್ತದೆ. ಬಲದ ಅಖಾಡದಲ್ಲೂ ತಾಳೆ ಸಿಕ್ಕಿತು.

‘ವಿರೋಧಿಸುತ್ತದೆ’ ಅಂದರೆ ಪೂರ್ತಿ ರದ್ದು ಮಾಡುತ್ತದೆ ಎಂದಲ್ಲ. ಸಾಮಾನ್ಯ ತಾಮ್ರದ ಬಳೆಗೆ ರೋಧ ಇದೆ, ಅದು ಅಡ್ಡಿ ಮಾಡುತ್ತದೆ, ಸೋಲುತ್ತದೆ. ಫ್ಲಕ್ಸ್ ಬದಲಾಗಿಯೇ ತೀರುತ್ತದೆ. ರೋಧವೇ ಇಲ್ಲದ ಅತಿವಾಹಕದ ಬಳೆಯಲ್ಲಿ ಮಾತ್ರ ಒಟ್ಟು ಫ್ಲಕ್ಸ್ ಇದ್ದಲ್ಲೇ ಉಳಿಯುತ್ತದೆ. ಬಳೆಯನ್ನು ಒಂದು ಕಡೆ ಕತ್ತರಿಸಿದರೆ ಸುತ್ತ ಹರಿಯುವ ಪ್ರವಾಹವೂ ಇಲ್ಲ, ತಡೆಯುವ ಬಲವೂ ಇಲ್ಲ, ತುದಿಗಳ ನಡುವೆ ವೋಲ್ಟೇಜ್ ಮಾತ್ರ ಉಳಿಯುತ್ತದೆ.

ಮಾತು ಮುಗಿಸಿ ಪ್ರಶ್ನೆ ಕೇಳಿ ಅಂದಾಗ ಮುಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. “ಸರ್, ತಾಮ್ರದ ಕೊಳವೆಯೊಳಗೆ ಕಾಂತ ಬಿಟ್ಟರೆ ತೇಲಿಕೊಂಡು ನಿಧಾನವಾಗಿ ಇಳಿಯುತ್ತಲ್ಲ, ಅಲ್ಲಿ ಪ್ರವಾಹ ಯಾವ ಕಡೆಗೆ?”

“ಕೊಳವೆಯನ್ನು ಒಂದರ ಮೇಲೊಂದು ಪೇರಿಸಿದ ಬಳೆಗಳು ಎಂದುಕೊಳ್ಳಮ್ಮ,” ಅಂದೆ. “ಕಾಂತದ ಉತ್ತರ ಧ್ರುವ ಕೆಳಗಿದೆ. ಕಾಂತಕ್ಕಿಂತ ಕೆಳಗಿರುವ ಬಳೆ ಏನನ್ನು ನೋಡುತ್ತಿದೆ?”

“ಕೆಳಮುಖ ಫ್ಲಕ್ಸ್ ಹೆಚ್ಚುತ್ತಿರೋದನ್ನ. ಅಲ್ಲಿ ಅಪ್ರದಕ್ಷಿಣ. ಮೇಲಿರುವ ಬಳೆಗಳಿಗೆ ಕೆಳಮುಖ ಫ್ಲಕ್ಸ್ ಇಳಿಯುತ್ತಿದೆ, ಅಲ್ಲಿ ಪ್ರದಕ್ಷಿಣ.” ಒಂದು ಕ್ಷಣ ತಡೆದು ಕೇಳಿದಳು, “ಅಂದರೆ ಒಂದೇ ಕೊಳವೆಯಲ್ಲಿ, ಒಂದೇ ಹೊತ್ತಿಗೆ, ಎರಡೂ ದಿಕ್ಕಿಗೆ ಹರೀತಿದೆಯಾ ಸರ್?”

“ಹೌದು. ಕೆಳಗಿನದು ತಳ್ಳುತ್ತದೆ, ಮೇಲಿನದು ಎಳೆಯುತ್ತದೆ, ಎರಡೂ ಬಲ ಮೇಲ್ಮುಖ. ಹಾಗಾದರೆ ಕಾಂತದ ಸರಿಯಾಗಿ ನಡುಮಟ್ಟದಲ್ಲಿರುವ ಬಳೆಯಲ್ಲಿ?”

ಗಾಳಿಯಲ್ಲಿ ಬೆರಳಿನಿಂದ ಮೂರು ಬಾಣ ಬರೆದುಕೊಂಡಳು. ಮೂರನೆಯದನ್ನು ಬರೆಯಲು ಹೋದ ಬೆರಳು ಅಲ್ಲೇ ನಿಂತಿತು.

“ಏನೂ ಇಲ್ಲ ಸರ್. ಅಲ್ಲಿ ಫ್ಲಕ್ಸ್ ತುಂಬಿದೆ, ಆದರೆ ಆ ಕ್ಷಣಕ್ಕೆ ಬದಲಾಗ್ತಿಲ್ಲ.”